ತಾತನಿಗೆ ‘ಹೇ’ ಅಂದರೆ ಏನಾಗುತ್ತದೆ?

ಪ್ರಶ್ನೆ: ಸರ್, ನಾವು ಶನಿವಾರಸಂತೆ ಕಡೆಯವರು. ಮಗ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಹುತ್ತರಿಗೆ ಬಂದವನು ಜಗಲಿ ಹತ್ತುವಾಗಲೇ ನಮ್ಮ ಮಾವನವರಿಗೆ ‘ಹೇ ತಾತ, ವಾಟ್ಸಪ್?’ ಅಂದ. ಮಾವ ಮಿಲಿಟರಿಯಲ್ಲಿದ್ದು ಬಂದವರು. ಎರಡು ದಿನ ಅವನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಆದರೆ ಅದೇ ಮಾವ ದಿನಾ ಬೆಳಿಗ್ಗೆ ಪಕ್ಕದ ತೋಟದವರಿಗೆ ‘ಗುಡ್ ಮಾರ್ನಿಂಗ್’ ಅನ್ನುತ್ತಾರೆ. ನಾದಿನಿಯ ಚಿಕ್ಕ ಮಗಳು ‘ಹಾಯ್ ತಾತ’ ಅಂದರೆ ನಗುತ್ತಾರೆ. ಇದು ಇಂಗ್ಲಿಷ್ ಮೇಲಿನ ಸಿಟ್ಟಾ, ಬೇರೆ ಏನಾದರೂನಾ? ಯುಗಾದಿಗೆ ಮಗ ಮತ್ತೆ ಬರುತ್ತಾನೆ. ಅವನಿಗೆ ಏನು ಹೇಳಲಿ?

ಉತ್ತರ:

ಇಂಗ್ಲಿಷ್ ಮೇಲಿನ ಸಿಟ್ಟಲ್ಲ. ಅದಕ್ಕೆ ಸಾಕ್ಷಿಯನ್ನು ನೀವೇ ಬರೆದಿದ್ದೀರಿ. ‘ಗುಡ್ ಮಾರ್ನಿಂಗ್’, ‘ಹಾಯ್’, ‘ಹೇ’ ಮೂರೂ ಇಂಗ್ಲಿಷೇ. ಮೂರೂ ಒಬ್ಬರ ಕಿವಿಗೇ ಬಿದ್ದಿವೆ. ಎರಡು ಪಾಸಾದವು, ಒಂದು ಫೇಲಾಯಿತು. ಯಾಕೆ ಅನ್ನುವುದು ಗೊತ್ತಾದರೆ ಮಗನಿಗೆ ಏನು ಹೇಳಬೇಕು ಅನ್ನುವುದೂ ಗೊತ್ತಾಗುತ್ತದೆ.

ಮೊದಲು ‘ಗುಡ್ ಮಾರ್ನಿಂಗ್’ ಕಥೆ. ಕೊಡಗಿನ ಹಿರಿಯರಿಗೆ ಇಂಗ್ಲಿಷ್ ನಮಸ್ಕಾರ ಹೊಸದಲ್ಲ. 1834ರಲ್ಲಿ ಕೊಡಗು ಬ್ರಿಟಿಷರ ಕೈಗೆ ಹೋಯಿತು. 1850ರ ದಶಕದಿಂದ ಅವರ ಕಾಫಿ ತೋಟಗಳು ಎದ್ದವು. ಅಲ್ಲಿಂದ ಮುಂದೆ ಕ್ಲಬ್ಬು, ಕಚೇರಿ, ಪಲ್ಟನ್ನು, ಎಲ್ಲ ಕಡೆ ‘ಗುಡ್ ಮಾರ್ನಿಂಗ್’ ಓಡಾಡಿತು. ಆದರೆ ಅದು ಒಂಟಿಯಾಗಿ ಬರಲಿಲ್ಲ. ಬಾಲ ಕಟ್ಟಿಕೊಂಡೇ ಬಂತು: ‘ಗುಡ್ ಮಾರ್ನಿಂಗ್ ಸಾರ್’. ತೋಟದಲ್ಲಿ ಬೆಳಿಗ್ಗೆ ಹಾಜರಿ ಹಾಕುವ ಹೊತ್ತನ್ನು ನೋಡಿದವರಿಗೆ ಇದು ಗೊತ್ತು. ಮೇಸ್ತ್ರಿ ರೈಟರಿಗೆ ಹೇಳುತ್ತಾನೆ, ರೈಟರ್ ಮ್ಯಾನೇಜರಿಗೆ. ಕೆಳಗಿನವರು ಮೊದಲು ಹೇಳಬೇಕು, ಮೇಲಿನವರು ತಲೆಯಾಡಿಸಬೇಕು. ಮಿಲಿಟರಿಯಲ್ಲಂತೂ ಇದು ಇನ್ನೂ ಖಡಕ್ಕು. ಕಿರಿಯವನು ಮೊದಲು ಸಲ್ಯೂಟ್ ಹೊಡೆಯಬೇಕು, ಮಾತಿನ ಕೊನೆಗೆ ‘ಸರ್’ ಇರಲೇಬೇಕು. ಅಂದರೆ ನಿಮ್ಮ ಮಾವ ಕಲಿತ ಇಂಗ್ಲಿಷಿನಲ್ಲಿ ದೊಡ್ಡವರು ಯಾರು, ಚಿಕ್ಕವರು ಯಾರು ಅನ್ನುವುದು ಸ್ಪಷ್ಟವಾಗಿತ್ತು. ಮೊಮ್ಮಗ ಕಲಿತ ಇಂಗ್ಲಿಷಿನಲ್ಲಿ ಅದು ಇಲ್ಲ. ಒಂದೇ ಭಾಷೆ, ಎರಡು ಕಾಲ.

ಇನ್ನು ಕನ್ನಡದ ಕಡೆಗೆ ಬರೋಣ. ನಾವು ಮನೆಯಲ್ಲಿ ಒಬ್ಬರಿಗೊಬ್ಬರು ‘ನಮಸ್ಕಾರ’ ಅನ್ನುವುದಿಲ್ಲ. ಅದು ಸಭೆಗೆ, ಆಫೀಸಿಗೆ, ಹೊಸಬರಿಗೆ. ಮನೆಯವರು ಎದುರಾದರೆ ನಾವು ಮಾಡುವುದು ಎರಡೇ ಕೆಲಸ. ಒಂದು, ಸಂಬಂಧ ಹಿಡಿದು ಕರೆಯುವುದು: ‘ಅಜ್ಜೀ…’, ‘ಮಾವಾ…’. ಕೊನೆಯ ಸ್ವರ ಉದ್ದ ಎಳೆಯುತ್ತೇವಲ್ಲ, ಅದೇ ನಮ್ಮ ನಮಸ್ಕಾರ. ಇನ್ನೊಂದು, ಕಣ್ಣಿಗೆ ಕಾಣುವುದನ್ನೇ ಕೇಳುವುದು: ‘ಯಾವಾಗ ಬಂದದ್ದು?’, ‘ಎಲ್ಲಿಗೆ ಹೊರಟದ್ದು?’, ‘ಕಾಫಿ ಆಯ್ತಾ?’ ಬಂದವನು ಎದುರಿಗೇ ನಿಂತಿರುತ್ತಾನೆ, ಆದರೂ ‘ಬಂದ್ಯಾ?’ ಅನ್ನುತ್ತೇವೆ. ಉತ್ತರ ಗೊತ್ತಿದ್ದೂ ಕೇಳುವ ಪ್ರಶ್ನೆ ಅದು. 1923ರಲ್ಲೇ ಮಾನವಶಾಸ್ತ್ರಜ್ಞ ಮಾಲಿನೋವ್‌ಸ್ಕಿ ಇಂಥ ಮಾತಿನ ಬಗ್ಗೆ ಬರೆದಿದ್ದರು. ವಿಷಯ ತಿಳಿಸುವುದಕ್ಕಲ್ಲ, ‘ನಾವಿಬ್ಬರೂ ಒಬ್ಬರಿಗೊಬ್ಬರು ಇದ್ದೇವೆ’ ಅಂತ ತೋರಿಸುವುದಕ್ಕೆ ಆಡುವ ಮಾತು ಇದು ಅಂತ.

ಈಗ ‘ಹಾಯ್’ ನೋಡಿ. ಇಂಗ್ಲಿಷಿನಲ್ಲೂ ಅದು ಮೊದಲು ಗಮನ ಸೆಳೆಯುವ ಕೂಗಾಗಿತ್ತು, ಅಷ್ಟೇ. ಎದುರಾದಾಗ ಹೇಳುವ ಮಾತಾಗಿ ಅದು ಬಳಕೆಗೆ ಬಂದದ್ದು 19ನೇ ಶತಮಾನದ ಅಮೆರಿಕದಲ್ಲಿ. ಕನ್ನಡಕ್ಕೆ ಬಂದ ಮೇಲೆ ಅದು ಎಷ್ಟು ನಮ್ಮದಾಯಿತು ಅಂದರೆ, ಅದಕ್ಕೆ ನಾವು ನಮ್ಮ ಕ್ರಿಯಾಪದವನ್ನೇ ಅಂಟಿಸಿಬಿಟ್ಟೆವು. ‘ತಾತಂಗೆ ಹಾಯ್ ಮಾಡು ಪುಟ್ಟಿ’ ಅನ್ನುತ್ತೇವೆ. ಗಮನಿಸಿ, ‘ಹಾಯ್ ಹೇಳು’ ಅಲ್ಲ, ‘ಹಾಯ್ ಮಾಡು’. ಮಗು ಬಾಯಿಬಿಡಬೇಕಾಗಿಲ್ಲ, ಕೈ ಆಡಿಸಿದರೆ ಸಾಕು. ಇಂಗ್ಲಿಷಿನ ಮಾತು ಕನ್ನಡದಲ್ಲಿ ಕೈಸನ್ನೆಯಾಯಿತು! ‘ಟಾಟಾ ಮಾಡು’ ಕೂಡ ಹೀಗೆಯೇ. ಅದೂ ಇಂಗ್ಲಿಷರ ಮನೆಗಳಲ್ಲಿ ಮಕ್ಕಳಿಗೆ ಹೇಳಿಕೊಡುತ್ತಿದ್ದ ಮಾತು. ನಮ್ಮ ಅಜ್ಜಿಯರು ಅದನ್ನು ಕನ್ನಡ ಅಂತಲೇ ತಿಳಿದಿದ್ದರು. ‘ನಮ್ಮದು ಸುಮ್ನೆ ಹಾಯ್ ಬಾಯ್ ಪರಿಚಯ’ ಅಂದರೆ ಜಾಸ್ತಿ ಒಡನಾಟ ಇಲ್ಲ ಅಂತ ಎಲ್ಲರಿಗೂ ಅರ್ಥವಾಗುತ್ತದೆ.

ಅಂದರೆ ‘ಹಾಯ್’ ಅನ್ನುವುದನ್ನು ಮಕ್ಕಳಿಗೆ ಕಲಿಸಿದ್ದು ಮೊಬೈಲಲ್ಲ, ಹಿರಿಯರೇ. ತೊಟ್ಟಿಲ ಪಕ್ಕ ಕೂತು ಕಲಿಸಿದ ಮಾತು ಅದು. ಅದಕ್ಕೇ ನಾದಿನಿಯ ಮಗಳು ಹೇಳಿದರೆ ಮಾವ ನಗುತ್ತಾರೆ. ಇನ್ನೂ ಒಂದು ಕಾರಣ ಇದೆ. ‘ಹಾಯ್ ತಾತ’ ಅನ್ನುವುದರಲ್ಲಿ ಭಾರ ಹೊತ್ತಿರುವುದು ‘ತಾತ’. ಸಂಬಂಧ ಹಿಡಿದು ಕರೆದದ್ದಾಯಿತು, ನಮ್ಮ ಲೆಕ್ಕದಲ್ಲಿ ನಮಸ್ಕಾರ ಮುಗಿಯಿತು. ‘ಹಾಯ್’ ಬರೀ ಮುಂದಿನ ಒಗ್ಗರಣೆ. ಅದೇ ‘ತಾತ’ ತೆಗೆದು ಬರೀ ‘ಹಾಯ್’ ಅಂದು ಒಳಗೆ ಹೋಗಲಿ, ನಗು ಕಡಿಮೆಯಾಗುತ್ತದೆ. ಕೆಲವು ಹಿರಿಯರು ತಮಾಷೆಯಾಗಿಯೇ ಚುಚ್ಚುತ್ತಾರೆ. ‘ಹಾಯೋದು ಎತ್ತು ಕಣಪ್ಪ, ನೀನಲ್ಲ’ ಅಂತ ಒಬ್ಬ ಅಜ್ಜ ಮೊಮ್ಮಗನಿಗೆ ಹೇಳಿದ್ದನ್ನು ಸೋಮವಾರಪೇಟೆಯ ಮದುವೆಮನೆಯೊಂದರಲ್ಲಿ ನಾನೇ ಕೇಳಿದ್ದೇನೆ. ಹೀಗೆ ತಮಾಷೆ ಮಾಡಿದರೆ ಚಿಂತೆ ಇಲ್ಲ. ಆ ಮಾತನ್ನು ಒಪ್ಪಿಕೊಂಡವರೇ ಅದರ ಜೊತೆ ಆಟ ಆಡುವುದು.

ನಮ್ಮ ಜಿಲ್ಲೆಯ ಹುಡುಗರಿಗೆ ‘ಹಾಯ್’ ಯಾಕೆ ಇಷ್ಟು ಬೇಕು ಅನ್ನುವುದನ್ನೂ ಹೇಳಬೇಕು. ಇದನ್ನು ಬರೀ ಫ್ಯಾಷನ್ ಅಂತ ತಳ್ಳಿಹಾಕುವವರ ಜೊತೆ ನನಗೆ ಜಗಳ ಇದೆ. ಗೋಣಿಕೊಪ್ಪದಲ್ಲೋ ಕುಶಾಲನಗರದಲ್ಲೋ ಬಸ್ ಸ್ಟ್ಯಾಂಡಿನಲ್ಲಿ ನಿಂತು ಕೇಳಿ. ಕೊಡವ ತಕ್ಕ್, ಅರೆಭಾಷೆ, ಕನ್ನಡ, ಮಲಯಾಳಂ, ತುಳು ಎಲ್ಲ ಹತ್ತು ಹೆಜ್ಜೆಯೊಳಗೆ ಸಿಗುತ್ತವೆ. ಕಾಲೇಜಿಗೆ ಹೊಸದಾಗಿ ಸೇರಿದ ಹುಡುಗಿಗೆ ಪಕ್ಕದ ಬೆಂಚಿನವಳ ಮನೆಮಾತು ಯಾವುದು ಅಂತ ಹೇಗೆ ಗೊತ್ತಾಗಬೇಕು? ಕನ್ನಡದಲ್ಲೇ ಶುರು ಮಾಡಿದರೂ ‘ನೀನು’ ಅನ್ನಬೇಕೋ ‘ನೀವು’ ಅನ್ನಬೇಕೋ ಅನ್ನುವ ತಲೆಬಿಸಿ. ‘ಹಾಯ್’ ಅಂದರೆ ಎರಡೂ ಪ್ರಶ್ನೆ ಮುಂದಕ್ಕೆ ಹೋಗುತ್ತವೆ. ಆ ಕಡೆಯಿಂದ ಯಾವ ಭಾಷೆಯಲ್ಲಿ, ಯಾವ ಮರ್ಯಾದೆಯಲ್ಲಿ ಉತ್ತರ ಬರುತ್ತದೋ ನೋಡಿಕೊಂಡು ಮುಂದಿನ ಮಾತು ಆಡಬಹುದು. ಹೊಸಬರ ನಡುವೆ ಇದು ಜಾಣತನ. ತೊಂದರೆ ಬರುವುದು ಮನೆಯೊಳಗೆ. ಅಲ್ಲಿ ಭಾಷೆ ಯಾವುದು ಅಂತ ಗೊತ್ತು, ತಾತ ಯಾರು ಅಂತಲೂ ಗೊತ್ತು. ಮುಂದಕ್ಕೆ ಹಾಕುವುದಕ್ಕೆ ಏನೂ ಇಲ್ಲ. ಹೊರಗೆ ಜಾಣತನ ಅನ್ನಿಸಿದ ಮಾತು ಇಲ್ಲಿ ಜಾರಿಕೊಂಡ ಹಾಗೆ ಕೇಳಿಸುತ್ತದೆ.

ಈಗ ನಿಜವಾದ ಅಪರಾಧಿ, ‘ಹೇ’.

‘ಹಾಯ್’ ಬಂದಾಗ ಕನ್ನಡದಲ್ಲಿ ಆ ಜಾಗ ಖಾಲಿ ಇತ್ತು. ‘ಹೇ’ ಬಂದಾಗ ಅಲ್ಲಿ ನಮ್ಮದೇ ಮಾತು ಕೂತಿತ್ತು: ‘ಏ’, ‘ಏಯ್’, ‘ಹೇಯ್’. ಇದನ್ನು ನಾವು ಯಾರಿಗೆ ಅನ್ನುತ್ತೇವೆ? ಗದ್ದೆಗೆ ನುಗ್ಗಿದ ದನಕ್ಕೆ. ಗೇಟಿನ ಹತ್ತಿರ ಬೊಗಳುವ ನಾಯಿಗೆ. ಮರ ಹತ್ತಿದ ಹುಡುಗನಿಗೆ. ಸಲುಗೆ ಇರುವ ಗೆಳೆಯನಿಗೆ. ಯಾವತ್ತೂ ಮೇಲಿನಿಂದ ಕೆಳಕ್ಕೆ, ಇಲ್ಲವೇ ಸರಿಸಮ. ಕೆಳಗಿನಿಂದ ಮೇಲಕ್ಕೆ ಹೋಗುವ ‘ಏ’ ಕನ್ನಡದಲ್ಲಿ ಇಲ್ಲ. ಅಜ್ಜಿಗೆ ‘ಏ ಅಜ್ಜಿ’ ಅನ್ನುವ ಮಕ್ಕಳಿದ್ದಾರೆ, ನಿಜ. ಅದು ಮುದ್ದಿನ ಸಲುಗೆ. ಅದನ್ನು ಅಜ್ಜಿ ಕೊಟ್ಟಿರಬೇಕು, ಮೊಮ್ಮಗ ತೆಗೆದುಕೊಳ್ಳುವುದಲ್ಲ.

ಇನ್ನೊಂದು ಸಂಗತಿ ಕಿವಿಗೆ ಸಂಬಂಧಿಸಿದ್ದು. ನಮ್ಮ ಹಳ್ಳಿಗನ್ನಡದಲ್ಲಿ ಮಾತಿನ ಮೊದಲಿನ ‘ಹ’ ಸುಲಭವಾಗಿ ಬಿದ್ದುಹೋಗುತ್ತದೆ. ‘ಹೇಳು’ ಅನ್ನುವುದು ‘ಏಳು’ ಆಗುತ್ತದೆ, ‘ಹೆಂಗೆ’ ‘ಎಂಗೆ’ ಆಗುತ್ತದೆ. ಇದನ್ನು ಕೇಳುತ್ತಲೇ ಬೆಳೆದ ಕಿವಿಗೆ ‘ಹೇ’ ಮತ್ತು ‘ಏ’ ನಡುವೆ ಜಾಸ್ತಿ ದೂರ ಇಲ್ಲ. ನಿಮ್ಮ ಮಗ ಇಂಗ್ಲಿಷಿನ ರಾಗದಲ್ಲಿ, ಎಳೆದು, ಪ್ರೀತಿಯಿಂದಲೇ ‘ಹೇ…’ ಅಂದಿರಬಹುದು. ಆ ರಾಗ ತಾತನಿಗೆ ಗೊತ್ತಿಲ್ಲ. ಅವರಿಗೆ ಕೇಳಿಸಿದ್ದು ಸ್ವರ ಮಾತ್ರ. ಅವನು ಇಂಗ್ಲಿಷಿನಲ್ಲಿ ಕರೆದ, ಅವರು ಕನ್ನಡದಲ್ಲಿ ಕೇಳಿಸಿಕೊಂಡರು.

ಇಂಗ್ಲಿಷ್ ಮಾತಾಡುವ ಮನೆಗಳಲ್ಲೂ ‘ಹೇ’ಗೆ ಪೂರ್ತಿ ಮರ್ಯಾದೆ ಸಿಕ್ಕಿರಲಿಲ್ಲ ಅನ್ನುವುದನ್ನು ನಿಮ್ಮ ಮಗನಿಗೆ ಹೇಳಿ. ಒಣಹುಲ್ಲಿಗೂ ಇಂಗ್ಲಿಷಿನಲ್ಲಿ ‘ಹೇ’ ಅಂತಲೇ ಅನ್ನುತ್ತಾರಲ್ಲ. ಮಕ್ಕಳು ದೊಡ್ಡವರನ್ನು ‘ಹೇ’ ಅಂತ ಕರೆದರೆ ‘ಹೇ ಕುದುರೆಗೆ’ ಅಂತ ಅಲ್ಲಿನ ಹಿರಿಯರೂ ಗದರಿಸುತ್ತಿದ್ದರು. ಅಲ್ಲಿ ಕುದುರೆ, ಇಲ್ಲಿ ಎತ್ತು. ಹಿರಿಯರ ತಮಾಷೆ ಎಲ್ಲ ಕಡೆ ಕೊಟ್ಟಿಗೆಯಿಂದಲೇ ಹುಟ್ಟುತ್ತದೋ ಏನೋ!

‘ವಾಟ್ಸಪ್’ ತಪ್ಪು ಬೇರೆ ರೀತಿಯದು. ‘ಅದು ನನ್ನ ಫೋನಲ್ಲಿ ಇಲ್ಲ ಮಗ’ ಅಂತ ಉತ್ತರ ಕೊಟ್ಟ ಅಜ್ಜಿಯರ ಕಥೆ ಎಲ್ಲರ ಮನೆಯಲ್ಲೂ ಇರುತ್ತದೆ. ಅಜ್ಜಿಯರನ್ನು ದೂರುವ ಹಾಗಿಲ್ಲ. 2009ರಲ್ಲಿ ಆ ಆ್ಯಪ್ ಮಾಡಿದವರು ಹೆಸರಿಟ್ಟದ್ದೇ ಈ ಮಾತಿನ ಮೇಲೆ ಆಟ ಆಡಿ. ನಿಮ್ಮ ಮಾವನಿಗೆ ಇಂಗ್ಲಿಷ್ ಗೊತ್ತು, ಹಾಗಾಗಿ ಅವರು ಅದನ್ನು ಪ್ರಶ್ನೆಯಾಗಿಯೇ ಕೇಳಿರುತ್ತಾರೆ. ತೊಂದರೆ ಅಲ್ಲೇ ಇರುವುದು. ಇಂಗ್ಲಿಷಿನಲ್ಲಿ ‘ವಾಟ್ಸಪ್’ ಅಂದವನಿಗೆ ಉತ್ತರ ಬೇಕಾಗಿಲ್ಲ. ‘ಏನಿಲ್ಲ’ ಅಂದರೆ ಸಾಕು, ಅಥವಾ ತಿರುಗಿ ‘ವಾಟ್ಸಪ್’ ಅಂದರೂ ನಡೆಯುತ್ತದೆ. ನಮ್ಮ ‘ಬಂದ್ಯಾ?’ ಕೂಡ ಹಾಗೇ ಅಲ್ವಾ ಅಂತ ನೀವು ಕೇಳಬಹುದು. ಹೌದು. ಆದರೆ ಅದನ್ನು ಕೇಳುವ ಹಕ್ಕು ಯಾರದು ಅಂತ ನೋಡಿ. ಹೊರಗಿನಿಂದ ಬಂದವನನ್ನು ಮನೆಯಲ್ಲಿದ್ದವರು ಕೇಳಬೇಕು. ಚಿಕ್ಕವನನ್ನು ದೊಡ್ಡವರು ಕೇಳಬೇಕು. ಬಂದವನು ಉತ್ತರ ಕೊಡಬೇಕು: ‘ಈಗ ಬಂದೆ ತಾತ, ಬೆಳಿಗ್ಗೆ ಆರಕ್ಕೆ ಹೊರಟಿದ್ದು.’ ನಿಮ್ಮ ಮಗ ಹೊರಗಿನಿಂದ ಬಂದವನೂ ಹೌದು, ಚಿಕ್ಕವನೂ ಹೌದು. ಆದರೂ ಮೊದಲ ಪ್ರಶ್ನೆ ಅವನೇ ಕೇಳಿಬಿಟ್ಟ. ತಾತ ಇಟ್ಟುಕೊಂಡಿದ್ದ ‘ಯಾವಾಗ ಬಂದೆಯೋ?’ ಬಾಯಲ್ಲೇ ಉಳಿಯಿತು.

ಆ ಗಳಿಗೆಯನ್ನು ಈಗ ನಿಧಾನವಾಗಿ ಬಿಡಿಸಿ ನೋಡಿ. ಜಗಲಿಯ ಮೇಲೆ ತಾತ ಕುರ್ಚಿಯಲ್ಲಿ ಕೂತಿದ್ದಾರೆ. ಹಬ್ಬದ ದಿನ, ಮೊಮ್ಮಗ ತಿಂಗಳುಗಟ್ಟಲೆ ಆದ ಮೇಲೆ ಬರುತ್ತಿದ್ದಾನೆ. ಅವನು ಬೆನ್ನಿಗೆ ಬ್ಯಾಗ್ ಹಾಕಿಕೊಂಡೇ ಮೆಟ್ಟಿಲು ಹತ್ತುತ್ತಾನೆ. ‘ಹೇ’ ಅಂದಾಗ ತಾತ ತಲೆ ಎತ್ತುತ್ತಾರೆ. ಒಂದು ಪೆಟ್ಟು ಅಲ್ಲೇ ಬಿತ್ತು. ‘ತಾತ’ ಅಂದಾಗ ಸ್ವಲ್ಪ ಸಮಾಧಾನ. ‘ವಾಟ್ಸಪ್’ ಅಂದಾಗ ಏನು ಹೇಳುವುದು ಅಂತ ಯೋಚಿಸುತ್ತಾರೆ. ಮಂಡಿನೋವಿನ ಬಗ್ಗೆ ಹೇಳುವುದಾ, ಕಾಫಿ ಕೊಯ್ಲಿಗೆ ಆಳು ಸಿಗದ ಬಗ್ಗೆ ಹೇಳುವುದಾ? ಬಾಯಿ ತೆರೆಯುವಷ್ಟರಲ್ಲಿ ಹುಡುಗ ಒಳಗೆ ಹೋಗಿ ‘ಅಮ್ಮಾ, ತಿನ್ನೋಕೆ ಏನಿದೆ?’ ಅಂದಿರುತ್ತಾನೆ. ನಾನು ಅಲ್ಲಿರಲಿಲ್ಲ, ನಿಮ್ಮ ಮನೆಯ ಮಟ್ಟಿಗೆ ಇದು ಊಹೆ. ಆದರೆ ಇಂಥ ದೂರು ಬಂದ ಮನೆಗಳಲ್ಲಿ ವಿಚಾರಿಸಿದಾಗ ನನಗೆ ಮತ್ತೆ ಮತ್ತೆ ಸಿಕ್ಕಿದ್ದು ಇದೇ ಚಿತ್ರ. ನೋವು ಕೊಟ್ಟದ್ದು ಪದ ಅರ್ಧ, ನಿಲ್ಲದೆ ಹೋದ ಕಾಲು ಅರ್ಧ.

ಕಾಲಿನ ವಿಷಯ ಕೊಡಗಿನಲ್ಲಿ ಸಣ್ಣದಲ್ಲ. ಕೊಡವರ ಮನೆಗಳಲ್ಲಿ ಕಿರಿಯರು ಹಿರಿಯರ ಕಾಲನ್ನು ಮೂರು ಸಲ ಮುಟ್ಟಿ ನಮಸ್ಕರಿಸುವುದನ್ನು ನೀವೂ ನೋಡಿರುತ್ತೀರಿ. ನಮ್ಮ ಕನ್ನಡದ ಮನೆಗಳಲ್ಲೂ ಹಬ್ಬದ ದಿನ ಕಾಲಿಗೆ ಬೀಳುವುದು ಇದ್ದೇ ಇದೆ. ಅಲ್ಲಿ ಮರ್ಯಾದೆಯನ್ನು ಮೈ ಹೇಳಿಬಿಡುತ್ತದೆ, ಬಾಯಿಗೆ ಕೆಲಸ ಕಡಿಮೆ. ಹಾಗಾಗಿ ‘ಹಾಯ್ ತಾತ’ ಅಂದು ನಗುತ್ತಲೇ ಬಗ್ಗಿ ಕಾಲು ಮುಟ್ಟುವ ಹುಡುಗರ ಬಗ್ಗೆ ಯಾವ ಹಿರಿಯರೂ ದೂರು ಹೇಳಿದ್ದು ನಾನು ಕೇಳಿಲ್ಲ. ‘ನಮಸ್ಕಾರ ತಾತ’ ಅಂತ ಮೊಬೈಲ್ ನೋಡುತ್ತಾ ಅಂದವರ ಬಗ್ಗೆ ಕೇಳಿದ್ದೇನೆ.

ಯಾವ ಮಾತು ತಾಗಿತು ಅಂತ ತಿಳಿಯಬೇಕಾದರೆ ಹಿರಿಯರ ಮೊದಲ ಮಾತನ್ನು ಗಮನಿಸಬೇಕು. ‘ಯಾರಿಗೆ ಹೇಳಿದ್ದು?’ ಅಂತ ಕೇಳಿದರೆ ಅಥವಾ ಹಿಂದೆ ತಿರುಗಿ ನೋಡಿದರೆ ‘ಹೇ’ ತಾಗಿದೆ ಅಂತ ಅರ್ಥ. ತನಗಲ್ಲ, ನಾಯಿಗೋ ಆಳಿಗೋ ಹೇಳಿದ್ದು ಅನ್ನುವ ನಾಟಕ ಅದು. ಹುಡುಗನ ಮಾತನ್ನೇ ಅಣಕಿಸಿ ‘ಹಾಯ್ ಅಂತೆ ಹಾಯ್’ ಅಂದರೆ ಅದು ಬರೀ ತಮಾಷೆ, ಅರ್ಧ ಗಂಟೆಯಲ್ಲಿ ಮರೆಯುತ್ತಾರೆ. ಉತ್ತರ ಶುರು ಮಾಡಿ ಅರ್ಧದಲ್ಲೇ ನಿಲ್ಲಿಸಿದರೆ ಮಾತ್ರ ಎಚ್ಚರ. ನಿಮ್ಮ ಮಾವ ಎರಡು ದಿನ ಮಾತು ಬಿಟ್ಟದ್ದನ್ನು ನೋಡಿದರೆ ಮೊದಲನೆಯದೂ ಕೊನೆಯದೂ ಸೇರಿಕೊಂಡ ಹಾಗಿದೆ.

ಒಂದು ಕಡೆ ಮಾತ್ರ ಯಾವ ರಿಯಾಯಿತಿಯೂ ಇಲ್ಲ. ಸಾವಿನ ಮನೆ. ಅಲ್ಲಿ ನಾವು ಕನ್ನಡದಲ್ಲೂ ‘ಬನ್ನಿ’ ಅನ್ನುವುದಿಲ್ಲ, ‘ಹೋಗಿ ಬರ್ತೀವಿ’ ಅನ್ನುವುದಿಲ್ಲ. ಸುಮ್ಮನೆ ಹೋಗಿ ಕೂರುತ್ತೇವೆ, ಸುಮ್ಮನೆ ಎದ್ದು ಬರುತ್ತೇವೆ. ನಮ್ಮ ಸಂಬಂಧಿಕರ ಹುಡುಗ ಒಬ್ಬ ಅಂಥ ಮನೆಯ ಅಂಗಳದಲ್ಲಿ ಹಳೆಯ ಗೆಳೆಯನನ್ನು ಕಂಡು ಅಭ್ಯಾಸಬಲದಿಂದ ‘ಹಾಯ್’ ಅಂದುಬಿಟ್ಟ. ಮೆಲ್ಲಗೇ ಅಂದಿದ್ದ. ಆದರೂ ಆ ಮಾತು ಈಗಲೂ ನಮ್ಮ ಕಡೆ ಓಡಾಡುತ್ತಿದೆ. ಇಷ್ಟನ್ನು ನಿಮ್ಮ ಮಗನ ಕಿವಿಗೆ ಹಾಕಿಡಿ.

ಇನ್ನು ಅವನಿಗೆ ಏನು ಹೇಳುವುದು? ‘ಇಂಗ್ಲಿಷ್ ಬಿಡು’ ಅಂತ ಹೇಳಬೇಡಿ, ಪ್ರಯೋಜನ ಇಲ್ಲ. ‘ಹಾಯ್’ ಬಿಡಿಸುವುದೂ ಬೇಡ, ಅದು ಮನೆಯೊಳಗೆ ಸೇರಿ ಎಷ್ಟೋ ಕಾಲವಾಯಿತು. ‘ಹೇ’ ಮಾತ್ರ ಗೆಳೆಯರಿಗೆ ಇಟ್ಟುಕೊಳ್ಳಲಿ. ಅದು ಕನ್ನಡದಲ್ಲಿ ಬೇರೆಯದೇ ಮಾತು ಅಂತ ತಿಳಿಸಿದರೆ ಸಾಕು, ಇಂಜಿನಿಯರಿಂಗ್ ಹುಡುಗನಿಗೆ ಅರ್ಥವಾಗುತ್ತದೆ. ಬ್ಯಾಗ್ ಇಳಿಸಲಿ, ‘ತಾತಾ’ ಅನ್ನಲಿ, ಆಮೇಲೆ ಸುಮ್ಮನಿರಲಿ. ಮೊದಲ ಪ್ರಶ್ನೆ ತಾತನಿಗೆ ಬಿಡಲಿ.

ಅದಾದ ಮೇಲೆ ‘ವಾಟ್ಸಪ್’ ಜಾಗಕ್ಕೆ ಬೇರೊಂದು ಪ್ರಶ್ನೆ ಬೇಕಲ್ಲ. ಅದು ನಮ್ಮಲ್ಲೇ ಇದೆ. ಯುಗಾದಿ ಬರುವುದು ಹೂಮಳೆಯ ಕಾಲಕ್ಕೆ. ಆ ದಿನಗಳಲ್ಲಿ ಕಾಫಿ ಬೆಳೆಗಾರರು ಒಬ್ಬರಿಗೊಬ್ಬರು ಸಿಕ್ಕರೆ ‘ಚೆನ್ನಾಗಿದ್ದೀರಾ?’ ಅನ್ನುವುದಿಲ್ಲ. ‘ನಿಮ್ಮಲ್ಲಿ ಎಷ್ಟು ಬಂತು?’ ಅನ್ನುತ್ತಾರೆ. ‘ನಲವತ್ತು ಸೆಂಟ್’, ‘ಎಂಬತ್ತು ಸೆಂಟ್’ ಅಂತ ಉತ್ತರ. ನೂರು ಸೆಂಟ್ ಅಂದರೆ ಒಂದು ಇಂಚು. ಅದು ಸಿಕ್ಕರೆ ರೋಬಸ್ಟಾ ಗಿಡ ಎಂಟೊಂಬತ್ತು ದಿನದಲ್ಲಿ ಬೆಳ್ಳಗೆ ಅರಳುತ್ತದೆ. ಕಡಿಮೆ ಬಿದ್ದರೆ ಸ್ಪ್ರಿಂಕ್ಲರ್ ಹಾಕಬೇಕಾ, ಇನ್ನೊಂದು ಮಳೆಗೆ ಕಾಯಬೇಕಾ ಅನ್ನುವ ಚಿಂತೆ. ಮಳೆಗಾಲದಲ್ಲೂ ಇದೇ ಪ್ರಶ್ನೆ, ಸೆಂಟಿನ ಬದಲು ಇಂಚು ಅಷ್ಟೇ. ನನ್ನನ್ನು ಕೇಳಿದರೆ ಕೊಡಗಿನ ನಿಜವಾದ ‘ವಾಟ್ಸಪ್’ ಇದೇ. ವ್ಯತ್ಯಾಸ ಏನೆಂದರೆ ಇದಕ್ಕೆ ಉತ್ತರ ಬೇಕೇ ಬೇಕು.

ಹಾಗಾಗಿ ಕಾಫಿ ಲೋಟ ಹಿಡಿದುಕೊಂಡು ಬಂದು ‘ಈ ಸಲ ಎಷ್ಟು ಸೆಂಟ್ ಬಂತು ತಾತ?’ ಅಂತ ಕೇಳಲಿ. ಕೇಳುವ ಮೊದಲು ಒಂದು ಕುರ್ಚಿ ಎಳೆದುಕೊಂಡು ಕೂರುವುದಕ್ಕೆ ಹೇಳಿ. ತಾತ ಮಳೆ ಬರೆದಿಟ್ಟ ಪುಸ್ತಕ ತೆಗೆದರೆ, ಹೋದ ವರ್ಷದ್ದನ್ನೂ ಅದರ ಹಿಂದಿನ ವರ್ಷದ್ದನ್ನೂ ತೋರಿಸದೆ ಬಿಡುವುದಿಲ್ಲ.